ಕೋಲೆ ಬಸವನನ್ನು ಸಾಕ್ಷಿಗೆ ಕರೆದರೆ

(ಪದವಿ ಕಾಲೇಜು ಅಧ್ಯಾಪಕರ ಕಾರ್ಯಾಗಾರವೊಂದರಲ್ಲಿ ಮಾಡಿದ ಉಪನ್ಯಾಸ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು, ಅಲ್ಲಲ್ಲಿ ತಿದ್ದಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಗೋಷ್ಠಿ ನನ್ನ ಪಾಲಿಗೆ ಬಂದಿದೆ. ನಿಮ್ಮ ಕಣ್ಣು ಎಳೆಯುತ್ತಿರುವುದು ಇಲ್ಲಿಂದಲೇ ಕಾಣುತ್ತದೆ, ಆದ್ದರಿಂದ ಸಿದ್ಧಾಂತ ಆಮೇಲೆ, ಮೊದಲು ಒಂದು ಜಗಳದ ಕಥೆ.

2023ರ ಮೇ ತಿಂಗಳು. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಕಾಮರ್ಸ್ ಅಂತ ಒಂದು ಊರು. ಅಲ್ಲಿ ಟೆಕ್ಸಾಸ್ ಎ ಅಂಡ್ ಎಂ ಸಮೂಹಕ್ಕೆ ಸೇರಿದ ಒಂದು ವಿಶ್ವವಿದ್ಯಾಲಯ ಇದೆ. ಅದರ ಕೃಷಿ ವಿಭಾಗದ ಒಬ್ಬ ಅಧ್ಯಾಪಕರು ತಮ್ಮ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಈಮೇಲ್ ಕಳಿಸಿದರು. ಎಲ್ಲರೂ ಇನ್ನೇನು ಪದವಿ ಪತ್ರ ಕೈಗೆ ಬರಬೇಕು ಎನ್ನುವ ಹಂತದಲ್ಲಿದ್ದವರು. ಈಮೇಲ್‌ನ ಸಾರಾಂಶ ಇಷ್ಟು: ನಿಮ್ಮ ಕೊನೆಯ ಮೂರು ಅಸೈನ್‌ಮೆಂಟ್‌ಗಳನ್ನು ಚಾಟ್‌ಜಿಪಿಟಿಗೆ ಹಾಕಿ, ಇದನ್ನು ನೀನು ಬರೆದೆಯಾ ಎಂದು ಕೇಳಿದ್ದೇನೆ. ಒಂದು ಸಲ ಅಲ್ಲ, ಎರಡೆರಡು ಸಲ. ಎರಡು ಸಲವೂ ಅದು ಹೌದು ಅಂದಿದ್ದರೆ ನಿಮಗೆ ಸೊನ್ನೆ.

ಆ ಮೇಷ್ಟ್ರು ಆ ಸಾಧನದ ಹೆಸರನ್ನೇ ಅಕ್ಷರ ಹಿಂದುಮುಂದು ಮಾಡಿ 'ಚಾಟ್ ಜಿಟಿಪಿ' ಎಂದು ಬರೆದಿದ್ದರು ಎನ್ನುವುದು ಆಮೇಲೆ ಲೋಕವೆಲ್ಲ ನಕ್ಕ ವಿಷಯ. ನಾನು ನಗುವುದಿಲ್ಲ. ಅದು ಹೊರಬಂದು ಆರು ತಿಂಗಳೂ ಆಗಿರಲಿಲ್ಲ. ನಮ್ಮಲ್ಲೂ ಎಷ್ಟೋ ಜನ ಅದೇ ಕೆಲಸ ಮಾಡಿದ್ದೇವೆ, ಈಮೇಲ್ ಕಳಿಸಲಿಲ್ಲ ಅಷ್ಟೇ. ಅವರ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಒಂದೇ ಉತ್ತರ ನಂಬದೆ ಎರಡು ಸಲ ಕೇಳಿದರಲ್ಲ, ಅದು ಎಚ್ಚರಿಕೆಯ ಮನುಷ್ಯ ಮಾಡುವ ಕೆಲಸ. ಆ ಎಚ್ಚರಿಕೆ ಯಾಕೆ ನೀರಲ್ಲಿ ಹೋಮ ಆಯಿತು ಎನ್ನುವುದೇ ಇವತ್ತಿನ ನನ್ನ ಮಾತು.

ಮುಂದೆ ಏನಾಯಿತು ಕೇಳಿ. ವಿದ್ಯಾರ್ಥಿಗಳ ಫಲಿತಾಂಶದಲ್ಲಿ 'ಎಕ್ಸ್' ಎಂಬ ಗುರುತು ಬಿತ್ತು, ಅಂದರೆ ಅಪೂರ್ಣ. ಸುದ್ದಿ ಇಂಟರ್ನೆಟ್ಟಿಗೆ ಬಿದ್ದಿತು. ಯಾರೋ ಒಬ್ಬರು ಅದೇ ಮೇಷ್ಟ್ರ ಪಿಎಚ್‌ಡಿ ಪ್ರಬಂಧವನ್ನು ಹುಡುಕಿ ತೆಗೆದರು. ಹಂದಿ ಸಾಕಣೆಯ ಬಗ್ಗೆ ಬರೆದದ್ದು, ಚಾಟ್‌ಜಿಪಿಟಿ ಹುಟ್ಟುವ ಮೊದಲಿನದು. ಅದರ ಸಾರಾಂಶದ ಒಂದು ತುಣುಕನ್ನು ಹಾಕಿ, ಇದನ್ನು ನೀನು ಬರೆದಿರಬಹುದಾ ಎಂದು ಕೇಳಿದರು. ಹೌದು, ನನ್ನಂಥದ್ದು ಇದನ್ನು ಬರೆದಿರಬಹುದು ಎನ್ನುವ ಅರ್ಥದ ಉತ್ತರವೇ ಬಂತು. ಅಂದರೆ ಅದೇ ನ್ಯಾಯ ಹಿಡಿದರೆ ಮೇಷ್ಟ್ರ ಡಾಕ್ಟರೇಟಿಗೂ 'ಎಕ್ಸ್' ಬೀಳಬೇಕಿತ್ತು.

ಕೊನೆಗೆ ವಿಶ್ವವಿದ್ಯಾಲಯ ಹೇಳಿಕೆ ಕೊಟ್ಟಿತು. ಈ ಕಾರಣಕ್ಕೆ ಯಾರೂ ನಪಾಸಾಗಿಲ್ಲ, ಯಾರ ಪದವಿಯನ್ನೂ ತಡೆದಿಲ್ಲ, ಹಲವರು ದೋಷಮುಕ್ತರಾಗಿದ್ದಾರೆ. ಜೊತೆಗೆ ಇನ್ನೊಂದು ಮಾತೂ ಇತ್ತು: ಒಬ್ಬ ವಿದ್ಯಾರ್ಥಿ ತಾನೇ ಮುಂದೆ ಬಂದು, ನಾನು ಬಳಸಿದ್ದೆ ಎಂದು ಒಪ್ಪಿಕೊಂಡಿದ್ದ. ಈ ಒಬ್ಬನನ್ನು ನೆನಪಿಟ್ಟುಕೊಳ್ಳಿ. ಅಧ್ಯಾಪಕರ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಅವರು ಹಿಡಿದ ಅಳತೆಗೋಲು ಕೆಟ್ಟದಿತ್ತು.

ಈಗ ಒಳಗೆ ಹೋಗೋಣ. ನಾವು ಒಬ್ಬ ಹುಡುಗನನ್ನು ನಿಲ್ಲಿಸಿ 'ಇದನ್ನು ನೀನೇ ಬರೆದೆಯೇನಪ್ಪ?' ಎಂದು ಕೇಳುತ್ತೇವೆ. ಅವನು ಸುಳ್ಳು ಹೇಳಬಹುದು, ನಿಜ ಹೇಳಬಹುದು. ಆದರೆ ಎರಡಕ್ಕೂ ಹಿಂದೆ ಅವನಿಗೆ ಒಂದು ನೆನಪಿದೆ. ರಾತ್ರಿ ಕೂತು ಬರೆದದ್ದೋ, ಅಣ್ಣನ ಕೈಲಿ ಬರೆಸಿದ್ದೋ, ಅದು ಅವನಿಗೆ ಗೊತ್ತು. ಸುಳ್ಳು ಹೇಳಲಿಕ್ಕೂ ಮೊದಲು ನಿಜ ಗೊತ್ತಿರಬೇಕು ತಾನೆ. ಚಾಟ್‌ಜಿಪಿಟಿಯಂಥ ಚಾಟ್‌ಬಾಟ್ ವಿಷಯದಲ್ಲಿ ಈ ನೆನಪು ಎನ್ನುವುದೇ ಇಲ್ಲ. ಅದು ಸುಳ್ಳು ಹೇಳುತ್ತದೆ ಎನ್ನುವ ದೂರನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಯಾಕೆ ನೆನಪಿಲ್ಲ? ಈ ಯಂತ್ರದ ತಿರುಳು ಸಂಖ್ಯೆಗಳ ಒಂದು ಭಾರಿ ರಾಶಿ. ಚಾಟ್‌ಜಿಪಿಟಿಯ ಪೂರ್ವಜ, 2020ರ ಜಿಪಿಟಿ-3ರಲ್ಲಿಯೇ ಅಂಥ 17,500 ಕೋಟಿ ಸಂಖ್ಯೆಗಳಿದ್ದವು. ಈ ಸಂಖ್ಯೆಗಳು ತರಬೇತಿಯ ಕಾಲದಲ್ಲಿ ರೂಪುಗೊಳ್ಳುತ್ತವೆ, ಆಮೇಲೆ ಅವಕ್ಕೆ ಬೀಗ ಬೀಳುತ್ತದೆ. ನೀವು ಅದರ ಜೊತೆ ಹರಟುವಾಗ ಆ ರಾಶಿಯಲ್ಲಿ ಒಂದೇ ಒಂದು ಸಂಖ್ಯೆಯೂ ಬದಲಾಗುವುದಿಲ್ಲ. ನಿನ್ನೆ ರಾತ್ರಿ ನಿಮ್ಮ ವಿದ್ಯಾರ್ಥಿ ಅದರಿಂದ 'ಮಳೆನೀರು ಕೊಯ್ಲು' ಎಂದು ಪ್ರಬಂಧ ಬರೆಸಿಕೊಂಡ ಅಂತಿಟ್ಟುಕೊಳ್ಳಿ. ಆ ಬರವಣಿಗೆಯಿಂದ ಯಂತ್ರದ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಇವತ್ತು ಬೆಳಿಗ್ಗೆ ನೀವು ಕೇಳುವಾಗ ಅದು ನಿನ್ನೆ ಸಂಜೆ ಹೇಗಿತ್ತೋ ಹಾಗೇ ಇದೆ.

ಹಾಗಾದರೆ ಆ ಹುಡುಗನ ಚಾಟ್ ಎಲ್ಲಿ ಹೋಯಿತು? ಅವನ ಅಕೌಂಟಿನಲ್ಲಿ, ಅಂದರೆ ಕಂಪನಿಯ ಸರ್ವರಿನಲ್ಲಿ ದಾಖಲೆಯಾಗಿ ಕೂತಿರುತ್ತದೆ. ಆದರೆ ನಿಮಗೆ ಉತ್ತರ ಕೊಡುವ ಯಂತ್ರಕ್ಕೆ ಆ ಕಪಾಟಿನ ಬೀಗದ ಕೈ ಕೊಟ್ಟಿಲ್ಲ. ಕೊಡಬಾರದು ಕೂಡ. ಕೊಟ್ಟರೆ ಯಾರು ಬೇಕಾದರೂ ಯಾರ ಮಾತುಕತೆಯನ್ನು ಬೇಕಾದರೂ ಕೆದಕಬಹುದಾಗಿತ್ತು. ನೀವು ಕೇಳಿದ ಕ್ಷಣದಲ್ಲಿ ಯಂತ್ರದ ಮುಂದೆ ಏನಿರುತ್ತದೆ ಅಂದರೆ, ಹೆಚ್ಚುಕಡಿಮೆ ಇಷ್ಟೇ:

```
{"role": "user",
 "content": "ಮಳೆನೀರು ಕೊಯ್ಲು ಇಂದಿನ ... (ಪೂರ್ತಿ ಪ್ರಬಂಧ)
             ಇದನ್ನು ನೀನು ಬರೆದೆಯಾ?"}
```

ಇದರ ಮೇಲೆ ಕಂಪನಿಯವರು ಬರೆದಿಟ್ಟ ಕೆಲವು ಸಾಮಾನ್ಯ ಸೂಚನೆಗಳು ಇರಬಹುದು. ಅಷ್ಟು ಬಿಟ್ಟರೆ ಕಡತ ಇಲ್ಲ, ದಿನಾಂಕ ಇಲ್ಲ, ಹಾಜರಿ ಪುಸ್ತಕ ಇಲ್ಲ. ಈ ಪಠ್ಯದ ಮುಂದೆ ಯಾವ ಮಾತು ಬಂದರೆ ಒಪ್ಪುತ್ತದೆ ಎನ್ನುವುದಷ್ಟೇ ಅದರ ಕೆಲಸ. ಅದು ಒಂದೊಂದೇ ತುಣುಕಾಗಿ ಬರೆಯುತ್ತದೆ, ಆ ತುಣುಕಿಗೆ ಟೋಕನ್ ಎನ್ನುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಮುಂದಿನ ತುಣುಕಿಗೆ ಇಂತಿಷ್ಟು ಸಂಭವ ಎಂಬ ಪಟ್ಟಿಯೊಂದು ಸಿದ್ಧವಾಗುತ್ತದೆ, ಅದರಿಂದ ಒಂದನ್ನು ಚೀಟಿ ಎತ್ತಿದ ಹಾಗೆ ಎತ್ತಿಕೊಳ್ಳುತ್ತದೆ.

ಈ ಚೀಟಿ ಎತ್ತುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಎಲ್ಲ ಅನಾಹುತ ಆಗುವುದು ಇಲ್ಲೇ. ನಿಮ್ಮ ಪ್ರಶ್ನೆಗೆ ಮೊದಲ ಪದ 'ಹೌದು' ಆಗಬಹುದು, 'ಇಲ್ಲ' ಆಗಬಹುದು. ಲೆಕ್ಕಕ್ಕೆ ಹೌದು ಎನ್ನುವುದಕ್ಕೆ ನೂರರಲ್ಲಿ 70 ಪಾಲು, ಇಲ್ಲ ಎನ್ನುವುದಕ್ಕೆ 30 ಪಾಲು ಅಂತಿಟ್ಟುಕೊಳ್ಳಿ. ಇದು ನಾನು ಉದಾಹರಣೆಗೆ ಕಟ್ಟಿದ ಸಂಖ್ಯೆ, ಯಾರೂ ಅಳೆದದ್ದಲ್ಲ. ಚೀಟಿಯಲ್ಲಿ 'ಹೌದು' ಬಂತು. ಈಗ ಆ 'ಹೌದು' ಕೂಡ ಪಠ್ಯದ ಭಾಗವಾಯಿತು, ಮುಂದಿನ ಮಾತೆಲ್ಲ ಅದಕ್ಕೆ ಹೊಂದಿಕೊಂಡೇ ಬರಬೇಕು. ಹಾಗಾಗಿ ತಕ್ಷಣ ಸಮರ್ಥನೆ ಶುರುವಾಗುತ್ತದೆ: ವಾಕ್ಯಗಳ ಕಟ್ಟು ನೋಡಿ, ಪ್ಯಾರಾಗಳ ಸಮತೂಕ ನೋಡಿ, ಪದಗಳ ಆಯ್ಕೆ ನೋಡಿ. ಚೀಟಿಯಲ್ಲಿ 'ಇಲ್ಲ' ಬಂದಿದ್ದರೆ ಅದೇ ಪ್ರಬಂಧಕ್ಕೆ ಇನ್ನೊಂದು ಸಮರ್ಥನೆ ಬರುತ್ತಿತ್ತು: ಸ್ವಂತ ಅನುಭವದ ವಾಸನೆ ಇದೆ, ಅಲ್ಲಲ್ಲಿ ಮನುಷ್ಯ ಸಹಜ ತಪ್ಪುಗಳಿವೆ. ನಾವು ಕಾರಣ ಕೇಳಿ ಮರುಳಾಗುತ್ತೇವೆ. 'ಬರೀ ಹೌದು ಅನ್ನಲಿಲ್ಲ ಸರ್, ಕಾರಣ ಸಮೇತ ಹೇಳಿತು' ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದ ಮಾಡಿದ್ದರು. ತೀರ್ಪು ಮೊದಲು ಬಂದು ಕಾರಣ ಆಮೇಲೆ ಹುಟ್ಟಿದೆ ಎನ್ನುವುದು ಅವರಿಗೆ ಹೊಳೆಯಲಿಲ್ಲ. ಮನುಷ್ಯರಲ್ಲೂ ಇದು ಅಪರೂಪವಲ್ಲ ಬಿಡಿ.

ಈಗ ಕಾಮರ್ಸ್ ಊರಿನ ಮೇಷ್ಟ್ರ 'ಎರಡು ಸಲ' ಎನ್ನುವ ನಿಯಮಕ್ಕೆ ಬರೋಣ. ತರಗತಿಯಲ್ಲಿ 40 ಮಕ್ಕಳು, ನಲವತ್ತೂ ಜನ ತಾವೇ ಬರೆದವರು, ಒಬ್ಬರೂ ಮೋಸ ಮಾಡಿಲ್ಲ ಎಂದು ಭಾವಿಸಿ. ಪ್ರತಿ ಸಲ ಹೌದು ಬರುವ ಸಂಭವ 0.7. ಎರಡು ಸಲವೂ ಹೌದು ಬರುವ ಸಂಭವ:

```
0.7 × 0.7 = 0.49
40 × 0.49 = 19.6
```

ಸುಮಾರು ಇಪ್ಪತ್ತು ನಿರಪರಾಧಿಗಳಿಗೆ ಸೊನ್ನೆ! ಹೌದು ಎನ್ನುವ ಒಲವು ಇನ್ನೂ ಜೋರಾಗಿದ್ದು 0.95 ಆಗಿದ್ದರೆ 36 ಜನಕ್ಕೆ. ಅದೇ ನಲವತ್ತು ಜನ ಯಂತ್ರದಿಂದಲೇ ಬರೆಸಿದ್ದರೂ ಒಲವು ಅಷ್ಟೇ ಇದ್ದರೆ ಅದೇ ಇಪ್ಪತ್ತು, ಅದೇ ಮೂವತ್ತಾರು. ತಪ್ಪಿತಸ್ಥರ ತರಗತಿಗೂ ಸಾಚಾಗಳ ತರಗತಿಗೂ ಒಂದೇ ಫಲಿತಾಂಶ ಕೊಡುವ ಪರೀಕ್ಷೆಯನ್ನು ಎರಡು ಸಲ ಮಾಡಿದರೇನು, ಇಪ್ಪತ್ತು ಸಲ ಮಾಡಿದರೇನು. ಜ್ವರ ನೋಡುವ ಥರ್ಮಾಮೀಟರ್ ಯಾರ ಬಾಯಿಗೆ ಇಟ್ಟರೂ 101 ತೋರಿಸುತ್ತಿದ್ದರೆ, ಇನ್ನೊಂದು ಸಲ ಇಟ್ಟು ನೋಡಿ ಖಾತ್ರಿ ಮಾಡಿಕೊಂಡೆ ಎನ್ನುವ ಹಾಗೆ. ಮೇಷ್ಟ್ರು ಮಾಡಬೇಕಿದ್ದ ಪರೀಕ್ಷೆ ಬೇರೆ. ತಾವೇ ಬರೆದದ್ದು ಖಚಿತವಾಗಿ ಗೊತ್ತಿರುವ ಒಂದು ಪುಟವನ್ನು ಹಾಕಿ ನೋಡಬೇಕಿತ್ತು. ತಮ್ಮ ಪಿಎಚ್‌ಡಿಯ ಪುಟವನ್ನೇ. ಆ ಕೆಲಸ ಬೇರೆಯವರು ಮಾಡಿದರು.

ಈ ಒಲವು ಬರುವುದು ಎಲ್ಲಿಂದ? ಬಹುಪಾಲು ನಮ್ಮ ಪ್ರಶ್ನೆಯಿಂದಲೇ. ಕೋಲೆ ಬಸವನನ್ನು ನೋಡಿದ್ದೀರಿ. ಮೈತುಂಬ ಬಣ್ಣದ ಬಟ್ಟೆ, ಕೋಡಿಗೆ ಗೊಂಡೆ, ಮನೆ ಮುಂದೆ ಬಂದು ನಿಲ್ಲುತ್ತದೆ. ಈ ಮನೆಗೆ ಒಳ್ಳೆಯದಾಗುತ್ತಾ ಬಸವಣ್ಣ ಅಂದರೆ ತಲೆ ಆಡಿಸುತ್ತದೆ. ಬಸವನಿಗೆ ನಮ್ಮ ಮನೆಯ ಭವಿಷ್ಯ ಗೊತ್ತಿಲ್ಲ, ಹಗ್ಗ ಹಿಡಿದವನ ದನಿಯ ಏರಿಳಿತ ಗೊತ್ತು. ಚಾಟ್‌ಬಾಟಿಗೂ ಅಷ್ಟೇ. ಇದನ್ನು ನೀನೇ ಬರೆದಿದ್ದಲ್ಲವಾ ಎಂದು ಕೇಳಿದರೆ ಪ್ರಶ್ನೆಯ ಬಾಲದಲ್ಲೇ ಉತ್ತರ ಇದೆ. ಇದು ನಮ್ಮ ತಾತನ ಕೈಬರಹದಿಂದ ಟೈಪ್ ಮಾಡಿದ್ದು, ನೀನು ಬರೆದದ್ದಂತೂ ಅಲ್ಲ ತಾನೆ ಎಂದು ಕೇಳಿದರೆ ಹಗ್ಗ ಇನ್ನೊಂದು ಕಡೆಗೆ ಎಳೆದಂತಾಯಿತು.

ಇದು ಬರೀ ಹೋಲಿಕೆಯಲ್ಲ, ಇದಕ್ಕೊಂದು ಕಾರಣ ಇದೆ. ತರಬೇತಿಯ ಕೊನೆಯ ಹಂತದಲ್ಲಿ ಮನುಷ್ಯರಿಗೆ ಉತ್ತರಗಳನ್ನು ತೋರಿಸಿ, ಯಾವುದು ಮೆಚ್ಚುಗೆಯಾಯಿತು ಎಂದು ಗುರುತು ಮಾಡಿಸಿ, ಆ ಮೆಚ್ಚುಗೆಯ ಕಡೆಗೆ ಯಂತ್ರವನ್ನು ಬಗ್ಗಿಸುತ್ತಾರೆ. ಮನುಷ್ಯರಿಗೆ ತಮ್ಮ ಮಾತನ್ನು ಒಪ್ಪುವ ಉತ್ತರ ಇಷ್ಟ. ಹಾಗಾಗಿ ಕೇಳುವವನ ಒಲವಿನ ಕಡೆ ವಾಲುವ ಚಾಳಿ ಯಂತ್ರಕ್ಕೆ ಹತ್ತುತ್ತದೆ. ಇಲ್ಲ ಅಂದ ಮೇಲೆ 'ಸರಿಯಾಗಿ ನೋಡು' ಎಂದು ಗದರಿದರೆ ಕ್ಷಮೆ ಕೇಳಿ ಹೌದು ಎನ್ನುವುದು ಇದೇ ಚಾಳಿಯಿಂದ.

ಈ ಹುಳುಕು ಪ್ರಬಂಧಗಳಿಗೆ ಮಾತ್ರ ಸೀಮಿತವಲ್ಲ. ಅದೇ 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಏವಿಯಾಂಕಾ ವಿಮಾನ ಕಂಪನಿಯ ವಿರುದ್ಧದ ಮೊಕದ್ದಮೆಯೊಂದರಲ್ಲಿ ವಕೀಲರು ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿ ಸಿಕ್ಕಿಬಿದ್ದರು. ಆ ತೀರ್ಪುಗಳನ್ನು ಹುಟ್ಟಿಸಿದ್ದು ಚಾಟ್‌ಜಿಪಿಟಿ. ವಕೀಲರಿಗೆ ಅನುಮಾನ ಬಂದಿತ್ತು, ಇವು ನಿಜವಾದ ಪ್ರಕರಣಗಳೇ ಎಂದು ಕೇಳಿಯೂ ಇದ್ದರು. ಆದರೆ ಕೇಳಿದ್ದು ಆ ಚಾಟ್‌ಜಿಪಿಟಿಯನ್ನೇ! ಅದು ನಿಜ ಎಂದೇ ಹೇಳಿತು. ಕೋರ್ಟು 5,000 ಡಾಲರ್ ದಂಡ ಹಾಕಿತು.

ನೀವು ಕೇಳಬಹುದು, ಅದು 2023ರ ಮಾತು, ಈಗಿನವು ಸುಧಾರಿಸಿಲ್ಲವೇ? ಒಂದು ಬದಲಾವಣೆ ಆಗಿದೆ. ಈಗ ಕೇಳಿದರೆ ಹಲವು ಸಲ, ನಾನು ಬರೆದೆನೋ ಇಲ್ಲವೋ ನನಗೆ ತಿಳಿಯುವ ದಾರಿಯಿಲ್ಲ ಎಂದೇ ಬರುತ್ತದೆ. ಚಾಟ್‌ಜಿಪಿಟಿಯ ಒಡೆಯ ಓಪನ್ಎಐ ಕಂಪನಿ ಕೂಡ 2023ರಲ್ಲಿ ಅಧ್ಯಾಪಕರಿಗಾಗಿ ಬರೆದ ಸೂಚನೆಗಳಲ್ಲಿ, ಇಂಥ ಪ್ರಶ್ನೆಗೆ ಬರುವ ಉತ್ತರಕ್ಕೆ ಯಾವ ಆಧಾರವೂ ಇಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಆದರೆ ಆ 'ತಿಳಿಯುವ ದಾರಿಯಿಲ್ಲ' ಎನ್ನುವ ಉತ್ತರ ಸರಿಯಾಗಿದ್ದರೂ, ಅದು ತನ್ನನ್ನು ತಾನು ನೋಡಿಕೊಂಡು ಹೇಳಿದ್ದಲ್ಲ, ಹಾಗೆ ಹೇಳಲು ಕಲಿಸಿದ್ದು. ಸ್ವಲ್ಪ ಒತ್ತಿ ಕೇಳಿ ನೋಡಿ: ಸರಿ, ನೀನೇ ಬರೆದೆ ಅನ್ನಬೇಡ, ಓದಿದರೆ ಯಂತ್ರದ್ದು ಅನ್ನಿಸುತ್ತದಾ ಹೇಳು. ತಕ್ಷಣ ಲಕ್ಷಣಗಳ ಪಟ್ಟಿ ಬಂದು, ಕೊನೆಗೆ ನೂರಕ್ಕೆ ಇಷ್ಟು ಎಂದು ಒಂದು ಅಂಕಿಯೂ ಬರುತ್ತದೆ. ಆ ಅಂಕಿಯನ್ನು ಅದು ಅಳೆದದ್ದಲ್ಲ, ಬರೆದದ್ದು. 'ಹೌದು' ಹೇಗೆ ಚೀಟಿಯಿಂದ ಬಂತೋ 85 ಎನ್ನುವುದೂ ಹಾಗೇ ಬಂತು. ನಮ್ಮ ಜನ ಅಂಕಿ ಕಂಡರೆ ಕೈ ಮುಗಿಯುತ್ತಾರೆ, ಅದೇ ಅಪಾಯ.

ಪೂರ್ತಿ ಸತ್ಯ ಹೇಳಬೇಕಾದರೆ ಎರಡು ಕಡೆ ಸಡಿಲಿಕೆ ಕೊಡಬೇಕು. ಒಂದು, ಅದೇ ಚಾಟಿನಲ್ಲಿ, ಅದೇ ಕಿಟಕಿಯಲ್ಲಿ ಸ್ವಲ್ಪ ಮೇಲೆ ಬರೆದಿದ್ದರ ಬಗ್ಗೆ ಕೇಳಿದರೆ ಉತ್ತರಕ್ಕೆ ಆಧಾರ ಇರುತ್ತದೆ, ಯಾಕೆಂದರೆ ಆ ಬರಹ ಅದರ ಕಣ್ಣ ಮುಂದೆಯೇ ಇದೆ. ಅಲ್ಲಿಯೂ ಮಾತುಕತೆ ತೀರಾ ಉದ್ದವಾದರೆ ಹಳೆಯ ಭಾಗ ಕಿಟಕಿಯಿಂದ ಆಚೆ ಹೋಗುತ್ತದೆ. ಕೆಲವು ಸಾಧನಗಳಿಗೆ ಹಿಂದಿನ ಚಾಟುಗಳನ್ನು ನೆನಪಿಟ್ಟುಕೊಳ್ಳುವ ಸೌಲಭ್ಯವನ್ನೂ ಸೇರಿಸಿದ್ದಾರೆ, ಆದರೆ ಅದು ಅದೇ ಅಕೌಂಟಿನ ಚಾಟುಗಳಿಗೆ ಮಾತ್ರ. ನಿಮ್ಮ ಫೋನಿನಲ್ಲಿ ಕೇಳಿದರೆ ನಿಮ್ಮ ವಿದ್ಯಾರ್ಥಿಯ ಅಕೌಂಟಿನ ಸುದ್ದಿ ಬರುವುದಿಲ್ಲ. ಎರಡು, ಇಂಥ ಕೆಲವು ಯಂತ್ರಗಳು, ಎರಡು ಬರಹ ಅಕ್ಕಪಕ್ಕ ಇಟ್ಟು ನಿನ್ನದು ಯಾವುದು ಎಂದು ಕೇಳಿದರೆ ಬರೀ ಊಹೆಗಿಂತ ಸ್ವಲ್ಪ ಹೆಚ್ಚು ಸಲ ಸರಿಯಾಗಿ ಹೇಳುತ್ತವೆ ಎಂದು ಸಂಶೋಧಕರು ತೋರಿಸಿದ್ದಾರೆ. ಅದು ಶೈಲಿಯ ಗುರುತು ಹಿಡಿಯುವಿಕೆ. ನಾವು ಒಬ್ಬ ಕವಿಯ ಸಾಲನ್ನು ಕೇಳಿದ ಕೂಡಲೇ ಊಹಿಸುವ ಹಾಗೆ. ಒಬ್ಬ ಹುಡುಗಿಯ ಒಂದೇ ಪ್ರಬಂಧವನ್ನು ಮುಂದಿಟ್ಟುಕೊಂಡು ಅವಳ ಅಂಕಪಟ್ಟಿ ತೀರ್ಮಾನಿಸಲು ಅಷ್ಟು ಸಾಲದು.

ಇನ್ನು ಯಂತ್ರ ಬರಹ ಪತ್ತೆ ಮಾಡಲೆಂದೇ ಮಾಡಿದ ಪ್ರತ್ಯೇಕ ಸಾಧನಗಳಿವೆ. ಅವುಗಳದು ಬೇರೆ ವಿಷಯ, ಇವತ್ತು ಒಂದೇ ಮಾತು ಹೇಳಿ ಬಿಡುತ್ತೇನೆ. ಓಪನ್ಎಐ ತಾನೇ ಅಂಥದ್ದೊಂದನ್ನು 2023ರ ಜನವರಿಯಲ್ಲಿ ಬಿಟ್ಟಿತು. ಅವರದೇ ಪರೀಕ್ಷೆಯಲ್ಲಿ ಅದು ಯಂತ್ರದ ಬರಹದಲ್ಲಿ ನೂರಕ್ಕೆ 26ನ್ನು ಮಾತ್ರ ಹಿಡಿಯಿತು, ಮನುಷ್ಯರ ಬರಹದಲ್ಲಿ ನೂರಕ್ಕೆ 9ನ್ನು ತಪ್ಪಾಗಿ ಯಂತ್ರದ್ದು ಎಂದಿತು. ನಿಖರತೆ ಸಾಲದು ಎಂದು ಜುಲೈನಲ್ಲಿ ಹಿಂತೆಗೆದುಕೊಂಡರು. ನಮ್ಮ ವಿಷಯಕ್ಕೆ ಇದರಲ್ಲಿ ಒಂದು ಸೂಚನೆ ಇದೆ: ಚಾಟ್‌ಬಾಟನ್ನು ಕೇಳಿದರೆ ಸಾಕಾಗಿದ್ದರೆ, ಅದನ್ನು ಮಾಡಿದವರೇ ಬೇರೊಂದು ಸಾಧನ ಕಟ್ಟಲು ಯಾಕೆ ಹೆಣಗುತ್ತಿದ್ದರು?

ಪ್ರಶ್ನೋತ್ತರದಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಹಿಂದಿನ ಸಾಲಿನಿಂದ ಒಬ್ಬ ಯುವ ಅಧ್ಯಾಪಕರು ಎದ್ದು, 'ಸರ್, ನಮ್ಮಲ್ಲಿ ಉಲ್ಟಾ ಆಗಿದೆ. ಹುಡುಗನೇ ಸ್ಕ್ರೀನ್‌ಶಾಟ್ ತಂದು ತೋರಿಸ್ತಾನೆ, ನೋಡಿ ಸರ್, ನಾನು ಬರೆದಿಲ್ಲ ಅಂತ ಅದೇ ಹೇಳಿದೆ ಅಂತ. ಏನ್ ಮಾಡೋದು?' ಎಂದರು. ಸಭೆಯಲ್ಲಿ ನಗು. ನಾನು ಹೇಳಿದ್ದು: ಆ ಸ್ಕ್ರೀನ್‌ಶಾಟಿಗೂ ಅಷ್ಟೇ ಬೆಲೆ. 'ಹೌದು' ಸಾಕ್ಷಿಯಲ್ಲ ಅಂದ ಮೇಲೆ 'ಇಲ್ಲ' ಕೂಡ ಸಾಕ್ಷಿಯಲ್ಲ. ಅದನ್ನು ಪಕ್ಕಕ್ಕಿಟ್ಟು, ಅವನ ಡಾಕ್ಯುಮೆಂಟ್ ತೆರೆಸಿ ನೋಡಿ. ಕಾಮರ್ಸ್‌ನ ವಿದ್ಯಾರ್ಥಿಗಳು ತಮ್ಮನ್ನು ಸಮರ್ಥಿಸಿಕೊಳ್ಳಲು ಹಿಡಿದ ದಾರಿಯೂ ಅದೇ, ಗೂಗಲ್ ಡಾಕ್ಸ್‌ನಲ್ಲಿ ದಾಖಲಾಗಿದ್ದ ಸಮಯಗಳನ್ನು ತೋರಿಸಿದರು. ಅದರಲ್ಲಿ `Version history` ಎಂದು ಒಂದು ಜಾಗ ಇದೆ. ಸ್ವಂತ ಬರೆದವರ ಪುಟ ತುಂಡುತುಂಡಾಗಿ ಬೆಳೆದಿರುತ್ತದೆ. ಸಂಜೆ ಎರಡು ಪ್ಯಾರಾ, ರಾತ್ರಿ ಅದರಲ್ಲೊಂದು ಹೊಡೆದುಹಾಕಿದ್ದು, ಮರುದಿನ ಒಂದೇ ವಾಕ್ಯವನ್ನು ನಾಲ್ಕು ಸಲ ತಿದ್ದಿದ್ದು. ಅಂಟಿಸಿದವರ ಪುಟದಲ್ಲಿ ಖಾಲಿ ಹಾಳೆ, ಮುಂದಿನ ಹೆಜ್ಜೆಯಲ್ಲೇ ಎಂಟುನೂರು ಪದ. ಇದೂ ಪಕ್ಕಾ ಅಲ್ಲ. ವರ್ಡಿನಲ್ಲಿ ಬರೆದು ಕೊನೆಗೆ ಅಲ್ಲಿಗೆ ಅಂಟಿಸುವ ಪ್ರಾಮಾಣಿಕರಿದ್ದಾರೆ, ಚಾಟ್‌ಬಾಟ್ ಬರೆದದ್ದನ್ನು ನೋಡಿಕೊಂಡು ಟೈಪ್ ಮಾಡುವ ಚಾಲಾಕಿಗಳೂ ಇದ್ದಾರೆ. ಆದರೆ ಇಲ್ಲಿ ಕನಿಷ್ಠ ನಿಜವಾಗಿ ನಡೆದ ಒಂದು ಸಂಗತಿಯ ಗುರುತು ನಿಮ್ಮ ಕೈಯಲ್ಲಿದೆ.

ಕನ್ನಡ ವಿಭಾಗದ ಮೇಡಂ ಒಬ್ಬರು, 'ನಮ್ಮಲ್ಲಿ ಮಕ್ಕಳು ಕೈಬರಹದಲ್ಲೇ ಕೊಡ್ತಾರೆ ಸರ್, ಡಾಕ್ಸೂ ಇಲ್ಲ ಏನೂ ಇಲ್ಲ' ಎಂದರು. ಹಾಗಾದರೆ ಕಚ್ಚಾ ಪ್ರತಿಯನ್ನೂ ಜೊತೆಗೆ ಪಿನ್ ಮಾಡಿ ಕೊಡಲು ಹೇಳಿ ಮೇಡಂ ಎಂದೆ, ಆಮೇಲೆ ಪ್ರಬಂಧದಲ್ಲಿ ಒಂದು ವಾಕ್ಯಕ್ಕೆ ಬೆರಳಿಟ್ಟು ಇದನ್ನು ನಿನ್ನ ಮಾತಲ್ಲಿ ಹೇಳು ಎಂದು ಕೇಳಿ. ಮೇಡಂ ನಕ್ಕು, 'ಅದನ್ನ ಈಗ್ಲೇ ಮಾಡ್ತೀವಿ ಸರ್. ಹೋದ ವಾರ ಒಬ್ಬಳು 'ಬಹುಆಯಾಮದ' ಅಂತ ಮೂರು ಕಡೆ ಬರೆದಿದ್ಲು, ಹಾಗಂದ್ರೇನಮ್ಮ ಅಂದ್ರೆ ಸುಮ್ಮನೆ ನಿಂತ್ಲು. ಯಂತ್ರದ್ದೇ ಇರಬೇಕು ಅಂದ್ಕೊಂಡೆ. ವಿಚಾರಿಸಿದ್ರೆ ನಮ್ಮ ಕಾಲೇಜಿನ ಹಳೇ ಗೈಡಿಂದ ನಕಲು ಮಾಡಿದ್ಲು' ಎಂದರು.